ಹೆಸರಿಗೆ ಮಾತ್ರ ಎಣ್ಣೆ

ನಮ್ಮ ಚಿಕ್ಕಮ್ಮನ ಎಡಭುಜದ ಮೇಲೆ ಅಂಗೈಯಗಲದ ಒಂದು ಕಪ್ಪು ಕಲೆ ಇದೆ. ಒಲೆ ತಾಗಿ ಆದದ್ದಲ್ಲ, ಬಿಸಿನೀರು ಬಿದ್ದು ಆದದ್ದೂ ಅಲ್ಲ. ಲವಂಗದ ಎಣ್ಣೆಯಿಂದ ಆದದ್ದು.

ಭುಜ ಹಿಡಿದುಕೊಂಡು ಕೈ ಮೇಲೆತ್ತಲಾಗದೆ ಒದ್ದಾಡುತ್ತಿದ್ದ ದಿನಗಳವು. ಹಲ್ಲುನೋವಿಗೆ ಲವಂಗದ ಎಣ್ಣೆ ಆಗುತ್ತದೆ ಎಂದ ಮೇಲೆ ಭುಜದ ನೋವಿಗೂ ಆಗಬೇಕಲ್ಲ ಎಂದು ಯಾರೋ ಹೇಳಿದರು. ಗ್ರಂಧಿಗೆ ಅಂಗಡಿಯಿಂದ ಹತ್ತು ಎಂಎಲ್‌ನ ಕಂದು ಸೀಸೆ ಬಂತು. ರಾತ್ರಿ ಊಟವಾದ ಮೇಲೆ ಚಿಕ್ಕಮ್ಮ ಸೀಸೆಯ ಕಾಲುಭಾಗದಷ್ಟನ್ನು ಅಂಗೈಗೆ ಸುರಿದುಕೊಂಡು, ಹರಳೆಣ್ಣೆ ತಿಕ್ಕಿದ ಹಾಗೆ ಭುಜಕ್ಕೆ ತಿಕ್ಕಿದರು. ಮೇಲೆ ಉಲ್ಲನ್ ಶಾಲು ಹೊದ್ದು, ಶಾಲಿನ ಮೇಲೆ ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ಮಲಗಿದರು. ಮೊದಲು ಚುರುಚುರು ಎಂದಿತು, ಆಮೇಲೆ ಬಿಸಿಯಾಯಿತು, ಹತ್ತು ನಿಮಿಷ ಕಳೆಯುವುದರೊಳಗೆ ಜೋಮು ಹಿಡಿದ ಹಾಗಾಯಿತು. "ನೋವು ಹೋಗೇಬಿಡ್ತು ಕಣೇ" ಎಂದು ನನಗೆ ಫೋನ್ ಮಾಡಿ ಹೇಳಿ ನಿದ್ದೆ ಹೋದರು.

ರಾತ್ರಿ ಮೂರು ಗಂಟೆಗೆ ಎಚ್ಚರವಾದಾಗ ಭುಜ ಧಗಧಗ ಉರಿಯುತ್ತಿತ್ತು. ಎದ್ದು ತಣ್ಣೀರಿನಲ್ಲಿ ತೊಳೆದರು, ಉರಿ ಕಡಿಮೆಯಾಗಲಿಲ್ಲ. ಬೆಳಗ್ಗೆ ನೋಡಿದರೆ ಎಣ್ಣೆ ತಾಗಿದ್ದಷ್ಟು ಜಾಗ ಕೆಂಪಗಾಗಿ, ನಡುವೆ ನಾಲ್ಕೈದು ನೀರುಗುಳ್ಳೆ. ಚರ್ಮದ ಡಾಕ್ಟರು ನೋಡಿದವರೇ "ಇದು ಸುಟ್ಟಗಾಯ" ಎಂದರು. ಚಿಕ್ಕಮ್ಮನಿಗೆ ಗಾಯಕ್ಕಿಂತ ಆ ಮಾತೇ ಹೆಚ್ಚು ನೋವು ಮಾಡಿತು. "ಎಣ್ಣೆ ಹಚ್ಚಿದ್ರೆ ಸುಡುತ್ತಾ ಡಾಕ್ಟ್ರೇ? ಸುಟ್ಟ ಗಾಯಕ್ಕೇ ಕೊಬ್ಬರಿ ಎಣ್ಣೆ ಹಚ್ಚೋರು ನಾವು."

ತಪ್ಪು ಚಿಕ್ಕಮ್ಮನದಲ್ಲ, ನಮ್ಮ ಭಾಷೆಯದು ಎಂದು ನನಗೆ ಆಮೇಲೆ ಅನ್ನಿಸಿತು. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಹರಳೆಣ್ಣೆ, ಲವಂಗದ ಎಣ್ಣೆ, ನೀಲಗಿರಿ ಎಣ್ಣೆ, ಎಲ್ಲಕ್ಕೂ ಒಂದೇ ಪದ. ಎಣ್ಣೆ ಎಂದರೆ ನಮಗೆ ತಂಪು. ನರಕ ಚತುರ್ದಶಿಯ ಬೆಳಗ್ಗೆ ನೆತ್ತಿಯಿಂದ ಪಾದದವರೆಗೆ ಇಳಿಯುವಷ್ಟು ಸುರಿದುಕೊಂಡರೂ ಏನೂ ಆಗದ ವಸ್ತು ಅದು. ಆದರೆ ಸೀಸೆಯಲ್ಲಿ ಬರುವ ಲವಂಗದ ಎಣ್ಣೆ, ದಾಲ್ಚಿನ್ನಿ ಎಣ್ಣೆ, ನಿಂಬೆಹುಲ್ಲಿನ ಎಣ್ಣೆ, ಟೀ ಟ್ರೀ ಆಯಿಲ್, ಲ್ಯಾವೆಂಡರ್ ಆಯಿಲ್ ಇವೆಲ್ಲ ಹೆಸರಿಗೆ ಮಾತ್ರ ಎಣ್ಣೆ. ಇವುಗಳಲ್ಲಿ ಕೊಬ್ಬಿನ ಅಂಶವೇ ಇಲ್ಲ. ಇಂಗ್ಲಿಷಿನಲ್ಲಿ ಎಸೆನ್ಷಿಯಲ್ ಆಯಿಲ್ ಎನ್ನುತ್ತಾರೆ. ಅಲ್ಲಿನ ಎಸೆನ್ಷಿಯಲ್‌ಗೆ 'ಅತ್ಯಗತ್ಯ' ಎಂದಲ್ಲ, 'ಸಾರ' ಎಂದು ಅರ್ಥ. ಹಾಗಾಗಿ ಇಲ್ಲಿ ಸಾರತೈಲ ಎಂದೇ ಕರೆಯುತ್ತೇನೆ.

ವ್ಯತ್ಯಾಸ ಕಣ್ಣಾರೆ ನೋಡಬೇಕೆಂದಿದ್ದರೆ ಒಂದು ಬಿಳಿ ಹಾಳೆಯ ಮೇಲೆ ಕೊಬ್ಬರಿ ಎಣ್ಣೆಯ ಒಂದು ಹನಿ, ಪಕ್ಕದಲ್ಲಿ ನೀಲಗಿರಿ ಎಣ್ಣೆಯ ಒಂದು ಹನಿ ಬಿಡಿ. ಮರುದಿನ ಕೊಬ್ಬರಿ ಎಣ್ಣೆಯ ಜಿಡ್ಡಿನ ಕಲೆ ಹಾಗೇ ಇರುತ್ತದೆ, ನೀಲಗಿರಿಯದು ಹೆಚ್ಚುಕಡಿಮೆ ಗಾಳಿಗೆ ಹಾರಿಹೋಗಿರುತ್ತದೆ. ಇನ್ನೂ ಒಂದು ಪರೀಕ್ಷೆ ಮಕ್ಕಳಿಗೆಲ್ಲ ಗೊತ್ತು: ಕಿತ್ತಳೆ ಸಿಪ್ಪೆಯನ್ನು ಉಬ್ಬಿದ ಬಲೂನಿನ ಮೇಲೆ ಹಿಂಡಿದರೆ ಬಲೂನು ಪಟ್ಟನೆ ಒಡೆಯುತ್ತದೆ. ಸಿಪ್ಪೆಯಿಂದ ಚಿಮ್ಮಿದ ಆ ತುಂತುರು ಸಾರತೈಲವೇ. ಅದರಲ್ಲಿ ಹೆಚ್ಚಿನ ಪಾಲು ಲಿಮೋನೀನ್ ಎಂಬ ದ್ರಾವಕ, ಥರ್ಮೋಕೋಲನ್ನೂ ಕರಗಿಸಬಲ್ಲದು. ಪೇಂಟಿನ ಅಂಗಡಿಯ ಟರ್ಪೆಂಟೈನ್ ಕೂಡ ದೇವದಾರು ಜಾತಿಯ ಮರದ ರಾಳವನ್ನು ಬಟ್ಟಿ ಇಳಿಸಿ ತೆಗೆದದ್ದು, ಸಾರತೈಲಗಳ ಹತ್ತಿರದ ಸಂಬಂಧಿ. ಟರ್ಪೆಂಟೈನನ್ನು ಮೈಗೆ ಸುರಿದುಕೊಳ್ಳಲು ಯಾರೂ ಹೋಗುವುದಿಲ್ಲ.

ಸಾರ ಎಂಬ ಮಾತಿನ ತೂಕ ತಿಳಿಯಬೇಕಾದರೆ ಒಂದು ಲೆಕ್ಕ ಮಾಡೋಣ. ಲವಂಗ ಉಳಿದ ಗಿಡಮೂಲಿಕೆಗಳ ಹಾಗಲ್ಲ, ಬಹಳ ಧಾರಾಳಿ. ಒಣಮೊಗ್ಗಿನ ತೂಕದಲ್ಲಿ ಸುಮಾರು 15 ಪರ್ಸೆಂಟಿನಷ್ಟು ತೈಲವೇ ಇರುತ್ತದೆ. ಒಂದು ಲವಂಗ ಹೆಚ್ಚೆಂದರೆ ಒಂದು ಗ್ರಾಮಿನ ಹತ್ತನೆಯ ಒಂದು ಭಾಗ ತೂಗುತ್ತದೆ. ಹಾಗೆ ನೋಡಿದರೆ ಒಂದು ಹನಿ ತೈಲ ಎಂದರೆ ಮೂರ್ನಾಲ್ಕು ಲವಂಗ. ಅರ್ಧ ಸೇರು ಅಕ್ಕಿಯ ಪಲಾವಿಗೆ ನಾವು ಹಾಕುವುದೇ ಅಷ್ಟು. ಚಿಕ್ಕಮ್ಮ ಅವತ್ತು ಸುರಿದುಕೊಂಡದ್ದು ಎರಡೂವರೆ ಎಂಎಲ್, ಅಂದರೆ ಸುಮಾರು ಐವತ್ತು ಹನಿ. ಒಂದೂವರೆ ನೂರಕ್ಕೂ ಮಿಕ್ಕಿದ ಲವಂಗಗಳ ಸಾರ ಒಂದು ಅಂಗೈಯಗಲದ ಜಾಗಕ್ಕೆ ಹೋಯಿತು. ಧಾರಾಳಿಯಲ್ಲದ ಗಿಡಗಳ ಲೆಕ್ಕ ಇನ್ನೂ ಬೇರೆ: ನಿಂಬೆಹುಲ್ಲಿನಲ್ಲಿ ನೂರು ಕಿಲೋ ಹಸಿ ಹುಲ್ಲು ಬೇಯಿಸಿದರೆ ಅರ್ಧ ಕಿಲೋ ತೈಲ ಸಿಕ್ಕರೆ ಒಳ್ಳೆಯ ಬೆಳೆ.

ಇನ್ನು ಸುಡುವ ವಿಷಯಕ್ಕೆ ಬರೋಣ. ಚರ್ಮದ ಹೊರಪದರ ಸತ್ತ ಜೀವಕೋಶಗಳ ಗೋಡೆ. ಕೋಶಗಳು ಇಟ್ಟಿಗೆಯಂತೆ ಒಂದರ ಮೇಲೊಂದು ಕೂತಿರುತ್ತವೆ, ಅವುಗಳ ನಡುವೆ ಗಾರೆಯಂತೆ ಕೊಬ್ಬಿನ ಅಂಶ ಮೆತ್ತಿರುತ್ತದೆ. ನೀರು ಆ ಗಾರೆಯನ್ನು ದಾಟಲಾರದು. ಅದಕ್ಕೇ ಮಳೆಯಲ್ಲಿ ನೆನೆದರೂ ನಾವು ಒಳಗೆ ನೆನೆಯುವುದಿಲ್ಲ. ಕೊಬ್ಬರಿ ಎಣ್ಣೆ ಗಾರೆಗೆ ಹೊಂದುತ್ತದೆ, ಆದರೆ ಅದರ ಅಣು ಬಹಳ ದೊಡ್ಡದು. ಹೆಚ್ಚಿನ ಪಾಲು ಮೇಲೆಯೇ ಉಳಿದು ಚರ್ಮವನ್ನು ಮೆತ್ತಗಿಡುತ್ತದೆ. ಲವಂಗದ ತೈಲದ ಮುಖ್ಯ ಅಂಶ ಯೂಜಿನಾಲ್. ಅದಕ್ಕೂ ಕೊಬ್ಬಿನ ಜೊತೆ ಸ್ನೇಹ, ಆದರೆ ಅಣು ಕೊಬ್ಬರಿ ಎಣ್ಣೆಯ ಅಣುವಿನ ಕಾಲುಭಾಗದಷ್ಟೇ. ಗಾರೆಯಲ್ಲಿ ಕರಗಿ, ಸಂದುಗಳಲ್ಲಿ ನುಸುಳಿ, ಕೆಳಗಿರುವ ಜೀವಂತ ಕೋಶಗಳ ಹತ್ತಿರ ಹೋಗಿಬಿಡುತ್ತದೆ. ದಟ್ಟವಾಗಿದ್ದರೆ ಹೋಗುವ ದಾರಿಯಲ್ಲೇ ಗಾರೆಯನ್ನೂ ಸಡಿಲ ಮಾಡುತ್ತದೆ.

ಯೂಜಿನಾಲ್ ಫೀನಾಲ್ ಕುಟುಂಬದ್ದು. ಫಿನಾಯಿಲಿನ ಮೂಲವಸ್ತುಗಳೂ ಆ ಕುಟುಂಬದವೇ. ದಟ್ಟವಾದ ಫೀನಾಲುಗಳು ಜೀವಕೋಶದ ಹೊರಪೊರೆಯನ್ನು ಒಡೆಯುತ್ತವೆ, ಒಳಗಿನ ಪ್ರೋಟೀನುಗಳನ್ನು ಕೆಡಿಸುತ್ತವೆ. ಕೋಳಿಮೊಟ್ಟೆಯ ಬಿಳಿಲೋಳೆ ಕಾವಲಿಯ ಮೇಲೆ ಬಿದ್ದೊಡನೆ ಗಟ್ಟಿಯಾಗುವ ಹಾಗೆ. ಕಾವಲಿಯಲ್ಲಿ ಆ ಕೆಲಸ ಶಾಖ ಮಾಡುತ್ತದೆ, ಇಲ್ಲಿ ರಾಸಾಯನಿಕ ಮಾಡುತ್ತದೆ. ಡಾಕ್ಟರು 'ಸುಟ್ಟಗಾಯ' ಎಂದದ್ದು ಬರಿಯ ಹೋಲಿಕೆಯ ಮಾತಲ್ಲ.

ಲವಂಗದ ತೈಲಕ್ಕೆ ಇನ್ನೊಂದು ಕುಟಿಲ ಗುಣವಿದೆ, ಚಿಕ್ಕಮ್ಮ ಮೋಸಹೋದದ್ದು ಅಲ್ಲೇ. ಯೂಜಿನಾಲ್ ನರಗಳ ತುದಿಯನ್ನು ಮೊದಲು ಕೆರಳಿಸಿ ಆಮೇಲೆ ಮರಗಟ್ಟಿಸುತ್ತದೆ. ಹಲ್ಲಿನ ವೈದ್ಯರು ಇದನ್ನು ಬಳಸುವುದೂ ಈ ಗುಣಕ್ಕಾಗಿಯೇ. ಹಾಗಾಗಿ ಚರ್ಮ ಸುಡುತ್ತಿರುವಾಗಲೇ ಸುಡುವ ಅರಿವು ಹೊರಟುಹೋಗುತ್ತದೆ. "ನೋವು ಹೋಗೇಬಿಡ್ತು" ಎಂದಾಗ ಹೋದದ್ದು ಬರೀ ಭುಜದ ನೋವಲ್ಲ, ಭುಜ ಕೊಡಬೇಕಾಗಿದ್ದ ಎಚ್ಚರಿಕೆಯೂ ಹೋಗಿತ್ತು. 1983ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಇಂಥದ್ದೇ ಒಂದು ವರದಿ ಬಂದಿತ್ತು: ಲವಂಗದ ತೈಲ ಚೆಲ್ಲಿದ ಜಾಗದಲ್ಲಿ ಸ್ಪರ್ಶ ಶಾಶ್ವತವಾಗಿ ಮರಗಟ್ಟಿ, ಬೆವರು ಬರುವುದೂ ನಿಂತುಹೋಗಿದ್ದ ಪ್ರಕರಣ.

ಶಾಲು ಮತ್ತು ಬಿಸಿನೀರಿನ ಬ್ಯಾಗ್ ಉಳಿದ ಕೆಲಸ ಮಾಡಿದವು. ಸಾರತೈಲವನ್ನು ತೆರೆದ ಚರ್ಮದ ಮೇಲೆ ಬಿಟ್ಟರೆ ಒಂದು ಪಾಲು ಗಾಳಿಗೆ ಹಾರಿಹೋಗುತ್ತದೆ. ಮೇಲೆ ಮುಚ್ಚಿದರೆ ಹಾರಲು ದಾರಿಯಿಲ್ಲ, ಹೋಗುವುದೆಲ್ಲ ಒಳಕ್ಕೇ. ಬಿಸಿ ತಾಗಿದರೆ ರಕ್ತನಾಳ ಹಿಗ್ಗಿ, ಚರ್ಮ ಮೆದುವಾಗಿ, ಹೀರುವ ವೇಗ ಇನ್ನೂ ಹೆಚ್ಚುತ್ತದೆ. ಬ್ಯಾಂಡೇಜ್, ಬಿಗಿಯಾದ ಬಟ್ಟೆ, ಚರ್ಮ ಮಡಿಚುವ ಕಂಕುಳು, ತೊಡೆಸಂದು ಎಲ್ಲ ಕಡೆಯೂ ಇದೇ ಕಥೆ.

ಹಾಗಾದರೆ ಎಷ್ಟು ಬೆರೆಸಬೇಕು? ಲೆಕ್ಕ ಕಷ್ಟವೇನಿಲ್ಲ. ಸೀಸೆಯ ಬಾಯಲ್ಲಿರುವ ಪ್ಲಾಸ್ಟಿಕ್ ರಂಧ್ರದಿಂದ ಒಂದು ಎಂಎಲ್‌ಗೆ ಸುಮಾರು ಇಪ್ಪತ್ತು ಹನಿ ಬೀಳುತ್ತದೆ. ಅಡುಗೆಮನೆಯ ಟೀ ಚಮಚ ಐದು ಎಂಎಲ್. ಆದ್ದರಿಂದ ಒಂದು ಟೀ ಚಮಚ ಕೊಬ್ಬರಿ ಎಣ್ಣೆಗೆ ಒಂದು ಹನಿ ಸಾರತೈಲ ಹಾಕಿದರೆ ಒಂದು ಪರ್ಸೆಂಟ್. ಇದೊಂದು ನೆನಪಿದ್ದರೆ ಸಾಕು, ಉಳಿದದ್ದೆಲ್ಲ ಇದರಿಂದಲೇ ಬರುತ್ತದೆ. ಆರೋಗ್ಯವಾಗಿರುವ ದೊಡ್ಡವರ ಚರ್ಮಕ್ಕೆ, ಸೌಮ್ಯ ತೈಲಗಳಾದರೆ, ಮುಖಕ್ಕೆ ಅರ್ಧದಿಂದ ಒಂದು ಪರ್ಸೆಂಟ್, ಮೈಗೆ ಎರಡು ಪರ್ಸೆಂಟ್, ಒಂದು ಮಂಡಿಗೋ ಮೊಣಕೈಗೋ ಕೆಲವೇ ದಿನ ಹಚ್ಚುವುದಾದರೆ ಮೂರು ಪರ್ಸೆಂಟ್. ಈ ಕೆಲಸ ಬಲ್ಲವರು ಸಾಮಾನ್ಯವಾಗಿ ಹೇಳುವುದು ಇಷ್ಟೇ. ಎರಡು ಪರ್ಸೆಂಟ್ ಎಂದರೆ ಆರು ಚಮಚ, ಅಂದರೆ ಮೂವತ್ತು ಎಂಎಲ್ ಎಣ್ಣೆಗೆ ಹನ್ನೆರಡು ಹನಿ. ನೋಡಲು ಬಹಳ ಕಡಿಮೆ ಅನ್ನಿಸುತ್ತದೆ. ಪಲಾವಿನ ಲೆಕ್ಕ ಜ್ಞಾಪಿಸಿಕೊಂಡರೆ ಕಡಿಮೆ ಅನ್ನಿಸುವುದಿಲ್ಲ.

ಹನಿಗಳನ್ನು ನಂಬುವುದಕ್ಕೂ ಒಂದು ಮಿತಿಯಿದೆ. ಶ್ರೀಗಂಧದಂಥ ದಪ್ಪ ತೈಲದ ಹನಿ ದೊಡ್ಡದು, ಕಿತ್ತಳೆಯಂಥ ನೀರುತೈಲದ ಹನಿ ಚಿಕ್ಕದು. ಇಂಕ್ ಫಿಲ್ಲರಿನಿಂದ ಬೀಳುವ ಹನಿಯೇ ಬೇರೆ, ಸೀಸೆಯ ರಂಧ್ರದಿಂದ ಬೀಳುವುದೇ ಬೇರೆ. ಒಂದು ಚಮಚದ ಮಿಶ್ರಣಕ್ಕೆ ಇದರಿಂದ ದೊಡ್ಡ ವ್ಯತ್ಯಾಸವಾಗದು. ಲೀಟರುಗಟ್ಟಲೆ ಮಾಡಿ ಮಾರುವವರು ಮಾತ್ರ ತಕ್ಕಡಿ ಇಟ್ಟುಕೊಂಡು ತೂಗಲೇಬೇಕು.

ಆದರೆ ಈ ಎರಡು ಪರ್ಸೆಂಟಿನ ಲೆಕ್ಕ ಲವಂಗಕ್ಕೆ ನಡೆಯುವುದಿಲ್ಲ. ಹೆಚ್ಚಿನವರು ಎಡವುವುದೂ ಇಲ್ಲೇ, ಎಲ್ಲ ಸೀಸೆಗಳಿಗೂ ಒಂದೇ ಅಳತೆ ಹಿಡಿಯುತ್ತಾರೆ. ರಾಬರ್ಟ್ ಟಿಸರಾಂಡ್ ಮತ್ತು ರಾಡ್ನಿ ಯಂಗ್ ಬರೆದ 'ಎಸೆನ್ಷಿಯಲ್ ಆಯಿಲ್ ಸೇಫ್ಟಿ' ಎಂಬ ದಪ್ಪ ಗ್ರಂಥ ಈ ಕ್ಷೇತ್ರದಲ್ಲಿ ಎಲ್ಲರೂ ತಿರುವಿ ನೋಡುವ ಪುಸ್ತಕ. 2014ರ ಅದರ ಎರಡನೆಯ ಆವೃತ್ತಿ ಚರ್ಮದ ಮೇಲೆ ಲವಂಗದ ಮೊಗ್ಗಿನ ತೈಲಕ್ಕೆ ಹಾಕಿರುವ ಗರಿಷ್ಠ ಮಿತಿ ಅರ್ಧ ಪರ್ಸೆಂಟ್. ಎರಡು ಚಮಚ ಎಣ್ಣೆಗೆ ಒಂದೇ ಹನಿ. ನಿಂಬೆಹುಲ್ಲಿಗೆ 0.7 ಪರ್ಸೆಂಟ್. ದಾಲ್ಚಿನ್ನಿ ತೊಗಟೆಯ ತೈಲಕ್ಕಂತೂ 0.07 ಪರ್ಸೆಂಟ್, ಅಂದರೆ ಹದಿನಾಲ್ಕು ಟೀ ಚಮಚ ಎಣ್ಣೆಗೆ ಒಂದು ಹನಿ. ಒಂದು ಹನಿಯನ್ನು ಅಷ್ಟೊಂದು ಎಣ್ಣೆಯಲ್ಲಿ ಹುಡುಕುವ ಉಸಾಬರಿಗಿಂತ ದಾಲ್ಚಿನ್ನಿಯನ್ನು ಅಡುಗೆಮನೆಯಲ್ಲೇ ಬಿಡುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಒಂದಕ್ಕೊಂದು ಇಷ್ಟು ಅಂತರ ಏಕೆಂದರೆ ಮಿತಿ ನಿರ್ಧರಿಸುವುದು ಬರೀ ಉರಿಯಲ್ಲ, ಅಲರ್ಜಿ. ಇವೆರಡನ್ನೂ ನಾವು ಒಂದೇ ಎಂದುಕೊಳ್ಳುತ್ತೇವೆ, ಆದರೆ ಬೇರೆ ಬೇರೆ. ಉರಿಗಾಯ ಯಾರಿಗಾದರೂ ಆಗಬಹುದು. ಸಾಕಷ್ಟು ದಟ್ಟವಾದ ತೈಲ ಸಾಕಷ್ಟು ಹೊತ್ತು ತಾಗಿದರೆ ಆಗುತ್ತದೆ, ತಾಗಿದ ಜಾಗದಲ್ಲೇ ಆಗುತ್ತದೆ, ಕೆಲವು ಗಂಟೆಗಳಲ್ಲೇ ಕಾಣುತ್ತದೆ. ಅಲರ್ಜಿಯ ದಾರಿ ಬೇರೆ. ದಾಲ್ಚಿನ್ನಿಯ ಸಿನಮಾಲ್ಡಿಹೈಡಿನಂಥ ಚುರುಕಿನ ಅಣು ಚರ್ಮದ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಂಡುಬಿಡುತ್ತದೆ. ನಮ್ಮ ರೋಗನಿರೋಧಕ ಕೋಶಗಳಿಗೆ ಆ ಜೋಡಿ ಹೊರಗಿನ ಶತ್ರುವಿನಂತೆ ಕಾಣುತ್ತದೆ. ಮೊದಲ ಸಲ ಏನೂ ಆಗುವುದಿಲ್ಲ. ಆದರೆ ಎರಡು ವಾರದೊಳಗೆ ದೇಹ ಅದನ್ನು ಗುರುತಿಟ್ಟುಕೊಂಡಿರುತ್ತದೆ. ಮುಂದೊಂದು ದಿನ ಒಂದಿಷ್ಟೇ ತಾಗಿದರೂ ಒಂದೆರಡು ದಿನದಲ್ಲಿ ತುರಿಕೆ, ಕೆಂಪು, ನೀರು ಒಸರುವ ಗಂದೆ. ಗಂದೆ ತಾಗಿದ ಜಾಗವನ್ನು ದಾಟಿಯೂ ಹಬ್ಬುತ್ತದೆ. ಆ ಗುರುತು ಸಾಮಾನ್ಯವಾಗಿ ಜೀವಮಾನವೆಲ್ಲ ಅಳಿಯುವುದಿಲ್ಲ. "ಆರು ತಿಂಗಳಿಂದ ಹಚ್ಚುತ್ತಿದ್ದೇನೆ, ಏನೂ ಆಗಿಲ್ಲ" ಎನ್ನುವವರ ಮಾತನ್ನು ಹಾಗಾಗಿ ನಂಬಲಾಗುವುದಿಲ್ಲ. ಏಳನೆಯ ತಿಂಗಳಲ್ಲಿ ಆಗಬಹುದು. ಆಮೇಲೆ ಅದೇ ಅಂಶವಿರುವ ಸೋಪು, ಟೂತ್‌ಪೇಸ್ಟು, ಸೆಂಟು ಎಲ್ಲದರ ಲೇಬಲನ್ನೂ ಓದುತ್ತ ಬದುಕಬೇಕಾಗುತ್ತದೆ.

ಚಿಕ್ಕಮ್ಮನಿಗೆ ಅಲರ್ಜಿ ಇದೆಯೇ ಎಂದು ನೋಡಲು ಗಾಯ ಪೂರ್ತಿ ವಾಸಿಯಾದ ಮೇಲೆ ಡಾಕ್ಟರು ಬೆನ್ನಿಗೆ ಪ್ಯಾಚ್ ಟೆಸ್ಟ್ ಹಾಕಿದರು. ಸಣ್ಣ ಸಣ್ಣ ಬಿಲ್ಲೆಗಳಲ್ಲಿ ಬೇರೆ ಬೇರೆ ವಸ್ತುಗಳನ್ನಿಟ್ಟು ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡಿ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಸುಗಂಧದ ಅಲರ್ಜಿ ಪತ್ತೆಮಾಡುವ ಬಿಲ್ಲೆಯಲ್ಲಿ ಎಂಟು ಬಗೆಯ ಸುಗಂಧವಸ್ತುಗಳಿರುತ್ತವೆ, ಯೂಜಿನಾಲೂ ಅದರಲ್ಲೊಂದು. ಅದರ ಪ್ರಮಾಣ ಒಂದು ಪರ್ಸೆಂಟ್, ಅದೂ ವ್ಯಾಸಲೀನಿನಂಥ ಮುಲಾಮಿನಲ್ಲಿ ಬೆರೆಸಿದ್ದು. ಅಲರ್ಜಿಯನ್ನು ಕೆರಳಿಸಿ ನೋಡಲೆಂದೇ ಆಸ್ಪತ್ರೆಯಲ್ಲಿ ಇಡುವುದು ಒಂದು ಪರ್ಸೆಂಟ್. ಸೀಸೆಯಲ್ಲಿ ಬರುವ ಲವಂಗದ ತೈಲದಲ್ಲಿ ಯೂಜಿನಾಲ್ ಎಪ್ಪತ್ತರಿಂದ ತೊಂಬತ್ತು ಪರ್ಸೆಂಟ್ ಇರುತ್ತದೆ. ಚಿಕ್ಕಮ್ಮನ ಪರೀಕ್ಷೆ ನೆಗೆಟಿವ್ ಬಂತು. ಬರೀ ಸುಟ್ಟಗಾಯ, ಅಷ್ಟರಮಟ್ಟಿಗೆ ಅದೃಷ್ಟ.

ಬೆರೆಸುವುದು ಯಾವುದರಲ್ಲಿ ಎಂಬುದೂ ಎಷ್ಟು ಎಂಬುದರಷ್ಟೇ ಮುಖ್ಯ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಬಾದಾಮಿ ಎಣ್ಣೆ ಯಾವುದಾದರೂ ಆಗುತ್ತದೆ. ಅವು ಬರೀ ಜಾಗ ತುಂಬಿಸುವ ವಸ್ತುಗಳಲ್ಲ. ಯೂಜಿನಾಲಿಗೆ ಚರ್ಮದ ಕೊಬ್ಬು ಎಷ್ಟು ಹಿಡಿಸುತ್ತದೋ ಕೊಬ್ಬರಿ ಎಣ್ಣೆಯ ಕೊಬ್ಬೂ ಅಷ್ಟೇ ಹಿಡಿಸುತ್ತದೆ. ಹಾಗಾಗಿ ಎಲ್ಲ ಒಟ್ಟಿಗೆ ಒಳಗೆ ನುಗ್ಗದೆ ಎಣ್ಣೆಯಲ್ಲೇ ಉಳಿದುಕೊಂಡು ನಿಧಾನವಾಗಿ ಇಳಿಯುತ್ತದೆ. ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಕಥೆ ಉಲ್ಟಾ: ಸ್ಪಿರಿಟ್ಟು ಬೇಗ ಆರಿಹೋಗಿ ಚರ್ಮದ ಮೇಲೆ ತೈಲವನ್ನು ದಟ್ಟವಾಗಿ ಬಿಟ್ಟುಹೋಗುತ್ತದೆ, ಜೊತೆಗೆ ಗಾರೆಯನ್ನೂ ಸಡಿಲಿಸಿರುತ್ತದೆ. ನೀರಿನಲ್ಲಂತೂ ಕರಗುವುದೇ ಇಲ್ಲ. ಬಕೆಟ್ ನೀರಿಗೆ ಹತ್ತು ಹನಿ ಹಾಕಿದರೆ ಹತ್ತು ಸಾವಿರ ಎಂಎಲ್‌ನಲ್ಲಿ ಹತ್ತು ಹನಿ ಅಲ್ಲವೇ ಎಂದು ಧೈರ್ಯ ತಂದುಕೊಳ್ಳುವಂತಿಲ್ಲ. ಆ ಹತ್ತು ಹನಿಯೂ ನೀರಿನಲ್ಲಿ ಬೆರೆಯದೆ ಬೇರೆಯಾಗಿಯೇ ಉಳಿಯುತ್ತವೆ. ಚೊಂಬಿನಲ್ಲಿ ಮೊಗೆದು ಸುರಿದುಕೊಂಡಾಗ ಹಸಿ ತೈಲವೇ ಬಂದು ಎದೆಗೋ, ಇನ್ನೂ ಸೂಕ್ಷ್ಮ ಜಾಗಕ್ಕೋ ಅಂಟಿಕೊಳ್ಳುತ್ತದೆ. ಲೋಳೆಸರದ ಲೋಳೆಯೂ ಹೆಚ್ಚಿನಂಶ ನೀರೇ, ಅದರಲ್ಲಿಯೂ ತೈಲ ಬೆರೆಯದೆ ಹನಿಹನಿಯಾಗಿ ಉಳಿಯುತ್ತದೆ.

ಚಿಕ್ಕಮ್ಮ ಆ ರಾತ್ರಿ ತಣ್ಣೀರಿನಲ್ಲಿ ತೊಳೆದರೂ ಉರಿ ಇಳಿಯದಿದ್ದಕ್ಕೂ ಇದೇ ಕಾರಣ, ಬರೀ ನೀರು ತೈಲವನ್ನು ಎತ್ತಿಕೊಳ್ಳಲಾರದು. ಹಸಿ ಸಾರತೈಲ ಮೈಗೆ ಚೆಲ್ಲಿದರೆ ಮೊದಲು ಹತ್ತಿಯನ್ನೋ ಮೆತ್ತನೆಯ ಬಟ್ಟೆಯನ್ನೋ ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ತಿಕ್ಕದೆ, ಒತ್ತಿ ಒತ್ತಿ ತೆಗೆಯಬೇಕು. ಆಮೇಲೆ ಸೋಪು ಹಚ್ಚಿ ಧಾರೆಯಾಗಿ ಬೀಳುವ ತಣ್ಣೀರಿನಲ್ಲಿ ತೊಳೆದು, ಹದಿನೈದಿಪ್ಪತ್ತು ನಿಮಿಷ ನೀರಿನ ಕೆಳಗೇ ಹಿಡಿಯಬೇಕು. ತೈಲ ತಾಗಿದ ಬಟ್ಟೆ ಬಿಚ್ಚಿಡಬೇಕು. ಐಸ್ ಇಡಬಾರದು, ಗುಳ್ಳೆ ಒಡೆಯಬಾರದು. ಗುಳ್ಳೆ ಎದ್ದರೆ, ಜಾಗ ಬೆಳ್ಳಗೆ ತಿರುಗಿದರೆ, ಅಥವಾ ಜೋಮು ಬಿಡದಿದ್ದರೆ ಆ ದಿನವೇ ಡಾಕ್ಟರ ಹತ್ತಿರ ಹೋಗಬೇಕು. ಕಣ್ಣಿಗೆ ಬಿದ್ದರೆ ಎಣ್ಣೆ, ಸೋಪು ಯಾವುದೂ ಬೇಡ. ರೆಪ್ಪೆ ಅಗಲಿಸಿ ಬರೀ ನೀರಿನಲ್ಲಿ ಬಿಡದೆ ತೊಳೆದು ನೇರ ಆಸ್ಪತ್ರೆಗೆ.

ಇಷ್ಟು ಹೇಳಿದಾಗ ಎದುರು ಪ್ರಶ್ನೆಗಳು ಬಂದೇ ಬರುತ್ತವೆ. ನಮ್ಮಜ್ಜಿ ಲವಂಗದ ಎಣ್ಣೆ ಮನೆಯಲ್ಲೇ ಮಾಡಿ ಹಚ್ಚುತ್ತಿದ್ದರಲ್ಲ? ಹೌದು, ಆದರೆ ಅಜ್ಜಿ ಬಟ್ಟಿ ಇಳಿಸುತ್ತಿರಲಿಲ್ಲ. ಬಾಂಡ್ಲಿಯಲ್ಲಿ ಕೊಬ್ಬರಿ ಎಣ್ಣೆ ಕಾಯಿಸಿ ಒಂದಿಷ್ಟು ಲವಂಗ ಜಜ್ಜಿ ಹಾಕುತ್ತಿದ್ದರು. ಲವಂಗದ ಅಂಶ ಸ್ವಲ್ಪವೇ ಎಣ್ಣೆಗಿಳಿಯುತ್ತಿತ್ತು. ಬೆರೆಸುವ ಕೆಲಸ ಅಲ್ಲಿ ಮೊದಲೇ ಆಗಿರುತ್ತಿತ್ತು. ಗ್ರಂಧಿಗೆ ಅಂಗಡಿಯ ಸೀಸೆಗೂ ಅಜ್ಜಿಯ ಸೀಸೆಗೂ ಒಂದೇ ಹೆಸರು, ಅಷ್ಟೇ. ಎರಡನೆಯದು ಅತ್ತರಿನ ಪ್ರಶ್ನೆ. ಶ್ರೀಗಂಧದ ತೈಲದಲ್ಲಿ ಹೂವಿನ ಪರಿಮಳ ಹಿಡಿದಿಟ್ಟ ಅತ್ತರನ್ನು ತಲೆಮಾರುಗಳಿಂದ ಹಾಗೇ ಹಚ್ಚಿಕೊಳ್ಳುತ್ತಿದ್ದಾರಲ್ಲ? ಹಚ್ಚಿಕೊಳ್ಳುತ್ತಾರೆ, ಕಿವಿಯ ಹಿಂದೆ ಕಡ್ಡಿಯ ತುದಿಯಷ್ಟು. 1916ರಿಂದ ಮೈಸೂರಿನ ಕಾರ್ಖಾನೆ ತೆಗೆಯುತ್ತ ಬಂದಿರುವ ಶ್ರೀಗಂಧದ ತೈಲ ಬಹಳ ಸಾಧು ಸ್ವಭಾವದ್ದು, ಅದರಲ್ಲಿ ಫೀನಾಲೂ ಇಲ್ಲ, ಚುರುಕಿನ ಆಲ್ಡಿಹೈಡೂ ಇಲ್ಲ. ಆದರೂ ಮೈಗೆಲ್ಲ ಹಚ್ಚುವುದಾದರೆ ಅದಕ್ಕೂ ಟಿಸರಾಂಡ್ ಮತ್ತು ಯಂಗ್ ಎರಡು ಪರ್ಸೆಂಟಿನ ಗೆರೆ ಎಳೆದಿದ್ದಾರೆ, ಅದಕ್ಕೂ ಅಲರ್ಜಿಯಾದವರಿದ್ದಾರೆ.

ಮೂರನೆಯ ಪ್ರಶ್ನೆ ಲ್ಯಾವೆಂಡರಿನದು. ಅದನ್ನು ಸುಟ್ಟಗಾಯಕ್ಕೇ ನೇರ ಹಚ್ಚಬಹುದು ಎಂಬ ನಂಬಿಕೆಯ ಹಿಂದೆ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ ಮೋರಿಸ್ ಗಾತ್‌ಫೋಸೆಯ ಕಥೆ ಇದೆ. 1910ರಲ್ಲಿ ಲ್ಯಾಬಿನ ಸ್ಫೋಟದಲ್ಲಿ ಅವನ ಕೈ ಸುಟ್ಟಿತು, ಪಕ್ಕದಲ್ಲಿದ್ದ ಲ್ಯಾವೆಂಡರ್ ತೊಟ್ಟಿಗೆ ಕೈ ಅದ್ದಿದ, ತಕ್ಷಣ ವಾಸಿಯಾಯಿತು ಎಂದು ಕಥೆ ಹೇಳುತ್ತದೆ. ಅವನೇ 1937ರ ತನ್ನ ಪುಸ್ತಕದಲ್ಲಿ ಬರೆದದ್ದು ಬೇರೆ: ಸುಟ್ಟ ಕೈಗಳಿಗೆ ಗ್ಯಾಸ್ ಗ್ಯಾಂಗ್ರೀನ್ ಹತ್ತಿತ್ತು, ಆ ಸೋಂಕಿಗಾಗಿ ಅವನು ಲ್ಯಾವೆಂಡರ್ ಬಳಸಿದ. ತೊಟ್ಟಿಯೂ ಇಲ್ಲ, ತಕ್ಷಣವೂ ಇಲ್ಲ. ಗ್ಯಾಂಗ್ರೀನಿಗೆ ಔಷಧವೇ ಇಲ್ಲದ ಕಾಲದ ಮಾತನ್ನು ಅಡುಗೆಮನೆಯ ಬೊಬ್ಬೆಗೆ ಅನ್ವಯಿಸುವುದರಲ್ಲಿ ಅರ್ಥವಿಲ್ಲ.

ಸೀಸೆಯ ವಯಸ್ಸೂ ನೋಡಬೇಕು. ಟೀ ಟ್ರೀ, ಲ್ಯಾವೆಂಡರ್, ಕಿತ್ತಳೆ, ನಿಂಬೆಯ ತೈಲಗಳು ಗಾಳಿ ತಾಗಿ ಹಳೆಯದಾದಂತೆ ಆಮ್ಲಜನಕ ಹೀರಿ ಪೆರಾಕ್ಸೈಡುಗಳಾಗುತ್ತವೆ. ಅಲರ್ಜಿ ಎಬ್ಬಿಸುವುದರಲ್ಲಿ ಅವು ಮೂಲ ತೈಲಕ್ಕಿಂತ ಬಹಳ ಮುಂದು. ವಾಸನೆ ಟರ್ಪೆಂಟೈನ್ ಕಡೆಗೆ ತಿರುಗಿದ್ದರೆ, ಮುಚ್ಚಳದ ಸುತ್ತ ಜಿಗುಟಾಗಿದ್ದರೆ ಅದು ಮೈಗೆ ಹಚ್ಚುವ ಯೋಗ್ಯತೆ ಕಳೆದುಕೊಂಡಿದೆ ಎಂದು ತಿಳಿಯಬಹುದು, ನೆಲ ಒರೆಸುವ ನೀರಿಗೆ ಹಾಕಿ ಮುಗಿಸಿ. ಸಿಪ್ಪೆ ಹಿಂಡಿ ತೆಗೆದ ನಿಂಬೆ, ಬರ್ಗಮಾಟ್ ತೈಲಗಳದ್ದು ಇನ್ನೂ ಒಂದು ತಂಟೆ: ಅವುಗಳಲ್ಲಿರುವ ಒಂದು ಬಗೆಯ ಅಂಶ ಬಿಸಿಲು ತಾಗಿದಾಗ ಮಾತ್ರ ಕೆರಳಿ ಚರ್ಮ ಸುಡುತ್ತದೆ. ಗುಳ್ಳೆ ಏಳುವುದು ಒಂದೆರಡು ದಿನ ಬಿಟ್ಟು, ಕಪ್ಪು ಕಲೆ ಉಳಿಯುವುದು ತಿಂಗಳುಗಟ್ಟಲೆ. ಹಚ್ಚಿದ ಮೇಲೆ ಹನ್ನೆರಡು ಗಂಟೆ ಆ ಜಾಗಕ್ಕೆ ಬಿಸಿಲು ಬೀಳಬಾರದು. ಬರ್ಗಮಾಟಿಗೆ ಮಿತಿಯೇ 0.4 ಪರ್ಸೆಂಟ್.

ಹೊಸ ಮಿಶ್ರಣವನ್ನು ಮೊದಲು ಮೊಣಕೈ ಒಳಮಡಿಕೆಯಲ್ಲಿ ರೂಪಾಯಿಯಗಲ ಹಚ್ಚಿ ನೋಡುವುದು ರೂಢಿ. ಒಂದೇ ಸಲ ಹಚ್ಚಿ ಅರ್ಧ ಗಂಟೆಗೆ ತೀರ್ಮಾನ ಮಾಡಿದರೆ ಉರಿ ಮಾತ್ರ ಗೊತ್ತಾಗುತ್ತದೆ, ಅಲರ್ಜಿ ಗೊತ್ತಾಗುವುದಿಲ್ಲ. ದಿನಕ್ಕೆರಡು ಸಲದಂತೆ ವಾರ ಹಚ್ಚಿ ನೋಡಬೇಕು. ನಡುವೆ ಕೆಂಪಾದರೆ, ತುರಿಸಿದರೆ ಅಲ್ಲಿಗೇ ಬಿಡಬೇಕು. ಹಸಿ ತೈಲದಿಂದ ಈ ಪರೀಕ್ಷೆ ಮಾಡಲೇಬಾರದು, ಪರೀಕ್ಷೆಯೇ ಗಾಯವಾದೀತು. ಇದೆಲ್ಲ ಆರೋಗ್ಯವಾಗಿರುವ ದೊಡ್ಡವರ ಮಾತು. ಇಸಬು ಇರುವವರು, ಗಾಯದ ಚರ್ಮದವರು, ಬಸುರಿಯರು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಮಕ್ಕಳ ಲೆಕ್ಕ ಪೂರ್ತಿ ಬೇರೆ, ಈ ಅಳತೆಗಳನ್ನು ಅವರಿಗೆ ಹಿಡಿಯಬೇಡಿ.

ಕಳೆದ ತಿಂಗಳು ಮೈಸೂರಿಗೆ ಹೋದಾಗ ಚಿಕ್ಕಮ್ಮನ ಮಂಚದ ಪಕ್ಕ ಒಂದು ಹಳೆಯ ಕೆಮ್ಮಿನ ಸಿರಪ್ಪಿನ ಸೀಸೆ ಕಂಡಿತು. ಹಳೆಯ ಲೇಬಲ್ ಕಿತ್ತು, ಬಿಳಿ ಚೀಟಿ ಅಂಟಿಸಿ, ಬಾಲ್‌ಪೆನ್ನಿನಲ್ಲಿ ಬರೆದಿದ್ದರು: 'ಕೊಬ್ಬರಿ ಎಣ್ಣೆ 6 ಚಮಚ, ಲವಂಗ 3 ಹನಿ.' ಕೆಳಗೆ ತಾರೀಖು. ಭುಜ ಪೂರ್ತಿ ಸರಿಯಾಗಿಲ್ಲ. ದಿನಾ ಬೆಳಗ್ಗೆ ಗೋಡೆಗೆ ಬೆರಳು ಹತ್ತಿಸುವ ವ್ಯಾಯಾಮದಿಂದ ಕೈ ಈಗ ತಲೆಯವರೆಗೆ ಏಳುತ್ತದೆ. ಎಣ್ಣೆಯಿಂದ ಏನಾದರೂ ಗುಣ ಕಂಡಿತಾ ಎಂದು ಕೇಳಿದೆ. "ವಾಸನೆ ಚೆನ್ನಾಗಿದೆ ಕಣೇ" ಎಂದರು.